ಫ್ರಾನ್ಸ್‌ನ ಜಿಮ್ ಆ್ಯಪ್: ಊರಿಗೆ ಹೋಗುವಾಗ ಮೆಂಬರ್‌ಶಿಪ್ ಫ್ರೀಜ್ ಮಾಡಿದ್ರೆ ನಿಜವಾಗ್ಲೂ ದುಡ್ಡು ಉಳಿಯುತ್ತಾ?

ರೋನ್‌ದಂಡೆ
ಲಿಯಾನ್‌ನಲ್ಲಿ ಇದ್ದೀನಿ. ಸೆಪ್ಟೆಂಬರ್ 5, 2025ಕ್ಕೆ 12 ತಿಂಗಳ ಆಂಗಾಜ್ಮಾಂ, ಅಂದ್ರೆ ನಡುವೆ ಬಿಡೋಕಾಗದ ಕಡ್ಡಾಯ ಅವಧಿ ಇರೋ ಜಿಮ್ ಮೆಂಬರ್‌ಶಿಪ್ ತಗೊಂಡೆ, ಎಲ್ಲ ಆ್ಯಪ್‌ನಲ್ಲೇ. ತಿಂಗಳಿಗೆ 39 ಯೂರೊ, ಪ್ರತಿ 5ನೇ ತಾರೀಖು ಬ್ಯಾಂಕಿಂದ ಕಟ್ ಆಗುತ್ತೆ. ಡಿಸೆಂಬರ್ 12ಕ್ಕೆ ಮೈಸೂರಿಗೆ ಹೊರಡ್ತೀನಿ, ಜನವರಿ 20ಕ್ಕೆ ವಾಪಸ್.

ಆ್ಯಪ್‌ನಲ್ಲಿ ಫ್ರೀಜ್ ಮಾಡೋಕೆ "Mettre en pause" ಬಟನ್ ಇದೆ. ಷರತ್ತು ಹೀಗಿದೆ: ಪೂರ್ತಿ ತಿಂಗಳುಗಳ ಲೆಕ್ಕದಲ್ಲಿ ಮಾತ್ರ ಫ್ರೀಜ್, ವರ್ಷಕ್ಕೆ ಗರಿಷ್ಠ 2 ತಿಂಗಳು, ತಿಂಗಳಿಗೆ 5 ಯೂರೊ ಶುಲ್ಕ, ಮುಂದಿನ ಕಂತಿಗೆ 10 ದಿನ ಮುಂಚೆ ಕೇಳಬೇಕು. ಎರಡು ತಿಂಗಳು ಫ್ರೀಜ್ ಮಾಡಿದ್ರೆ 78 ಬದಲು 10 ಯೂರೊ, ಅಂದ್ರೆ 68 ಯೂರೊ ಉಳೀತು ಅಂತ ನನ್ನ ಲೆಕ್ಕ. ಸರಿನಾ?

ಇನ್ನೊಂದು. ಗ್ರೂಪ್ ಕ್ಲಾಸ್ ರದ್ದು ಮಾಡೋಕೆ 12 ಗಂಟೆ ಗಡುವು, ತಪ್ಪಿದ್ರೆ 8 ಯೂರೊ ದಂಡ. ಬೆಳಗ್ಗೆ 7ರ ಕ್ಲಾಸಿಗೆ ವೇಟಿಂಗ್ ಲಿಸ್ಟ್‌ನಲ್ಲಿದ್ದೆ. ಮುಂಜಾನೆ ನಾಲ್ಕೂವರೆಗೆ ಆ್ಯಪ್ ತಾನಾಗೇ ಸೀಟು ಕೊಟ್ಟು, ನಾನು ಹೋಗದೇ ಇದ್ದಿದ್ದಕ್ಕೆ ದಂಡ ಹಾಕಿದೆ. ಮಲಗಿದ್ದವನಿಗೆ 12 ಗಂಟೆ ಮುಂಚೆ ರದ್ದು ಮಾಡು ಅಂದ್ರೆ ಹೇಗೆ?

ಮೊಸರನ್ನ
ಬೆಂಗಳೂರಲ್ಲಿ ರಿಸೆಪ್ಶನ್‌ಗೆ ಹೋಗಿ ಒಂದು ಮಾತು ಹೇಳಿದ್ರೆ ಎರಡು ತಿಂಗಳು ಮುಂದಕ್ಕೆ ಹಾಕ್ಕೊಡ್ತಾರೆ. ಮ್ಯಾನೇಜರ್ ಹತ್ರ ಮಾತಾಡಿ ನೋಡಿ.

ಯುಟಿಸಿ
@ಮೊಸರನ್ನ ಅವರು ಕೇಳ್ತಿರೋದು ಲಿಯಾನ್ ಜಿಮ್ ಬಗ್ಗೆ ಗುರು. ಅಲ್ಲಿ ರಾತ್ರಿ ಹನ್ನೊಂದಕ್ಕೂ ಬಾಗಿಲು ತೆರೆಯುತ್ತೆ, ಆದ್ರೆ ಒಳಗೆ ಮನುಷ್ಯರು ಸಿಗಲ್ಲ. ಮ್ಯಾನೇಜರ್ ಅಂದ್ರೆ ಆ್ಯಪ್‌ನ ಮೆಸೇಜ್ ಬಾಕ್ಸ್.

ಕಾಗದಪತ್ರ
ರೋನ್‌ದಂಡೆ, 68 ಯೂರೊ ಉಳಿಯಲ್ಲ. ನಿಮ್ಮ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಆ್ಯಪ್‌ನ ತಳದಲ್ಲಿ CGV, ಅಂದ್ರೆ ಕರಾರಿನ ಸಾಮಾನ್ಯ ಷರತ್ತುಗಳು, ಅಂತ ಒಂದು ಪಿಡಿಎಫ್ ಇರುತ್ತೆ. ಅದರಲ್ಲಿ ಫ್ರೀಜ್ ಬಗ್ಗೆ ಇರೋ ಕಲಮಿನ ಕೊನೇ ವಾಕ್ಯ ಓದಿ: "ಫ್ರೀಜ್ ಮಾಡಿದಷ್ಟು ಅವಧಿ ಆಂಗಾಜ್ಮಾಂಗೆ ಸೇರಿಕೊಳ್ಳುತ್ತದೆ" ಎಂಬ ಅರ್ಥದ ಮಾತು ಹೆಚ್ಚುಕಡಿಮೆ ಖಂಡಿತ ಇರುತ್ತೆ.

ನಿಮ್ಮ ಕೇಸನ್ನೇ ಬಿಡಿಸಿ ನೋಡೋಣ. ಫ್ರೀಜ್ ಇಲ್ಲದಿದ್ರೆ ಸೆಪ್ಟೆಂಬರ್ 5, 2025ರಿಂದ ಆಗಸ್ಟ್ 5, 2026ರವರೆಗೆ 12 ಕಂತು, ಒಟ್ಟು 468 ಯೂರೊ, ಸೆಪ್ಟೆಂಬರ್ 4, 2026ಕ್ಕೆ ಆಂಗಾಜ್ಮಾಂ ಮುಗೀತು. ಎರಡು ತಿಂಗಳು ಫ್ರೀಜ್ ಮಾಡಿದ್ರೆ ಡಿಸೆಂಬರ್ ಮತ್ತು ಜನವರಿ ಕಂತು ತಪ್ಪುತ್ತೆ, ಆದ್ರೆ ಮುಗಿಯೋ ತಾರೀಖು ನವೆಂಬರ್ 4ಕ್ಕೆ ಜರುಗುತ್ತೆ. ಸೆಪ್ಟೆಂಬರ್ 5, ಅಕ್ಟೋಬರ್ 5ಕ್ಕೆ ಇನ್ನೆರಡು ಕಂತು ಬಂತು. ಕಂತು ಆಗಲೂ ಹನ್ನೆರಡೇ, ಜೊತೆಗೆ ಶುಲ್ಕ 10. ಒಟ್ಟು 478. ಅಂದ್ರೆ 10 ಯೂರೊ ಕೊಟ್ಟು ನೀವು ಎರಡು ತಿಂಗಳನ್ನ ಚಳಿಗಾಲದಿಂದ ಮುಂದಿನ ಸೆಪ್ಟೆಂಬರ್‌ಗೆ ಸಾಗಿಸ್ತಿದ್ದೀರಿ, ಅಷ್ಟೇ.

ಆ ಎರಡು ತಿಂಗಳು ನಿಮಗೆ ಉಪಯೋಗಕ್ಕೆ ಬಂದ್ರೆ ಒಳ್ಳೇ ವ್ಯಾಪಾರ. ಹಾಗಾಗಿ ಮೊದಲು ಹೇಳಿ, 2026ರ ಸೆಪ್ಟೆಂಬರ್‌ನಲ್ಲಿ ಎಲ್ಲಿರ್ತೀರಿ?

ರೋನ್‌ದಂಡೆ
ಅಯ್ಯೋ. ಆಗಸ್ಟ್ ಕೊನೆಗೆ ಇಲ್ಲಿನ ಕೆಲಸ ಮುಗಿಯುತ್ತೆ, ನಾಂತ್‌ಗೆ ಹೋಗೋದು ಬಹುತೇಕ ಖಚಿತ.

ಕಾಗದಪತ್ರ
ಹಾಗಾದ್ರೆ ಫ್ರೀಜ್ ಮಾಡಿದ್ರೆ ನಿಮಗೇ ಪೆಟ್ಟು. ಲಿಯಾನ್ ಬಿಟ್ಟ ಮೇಲೆ 78 ಯೂರೊ ಕಟ್ಟೋ ಹಾಗಾಗುತ್ತೆ. ಫ್ರೀಜ್ ಮಾಡದೇ ಇದ್ರೆ ಡಿಸೆಂಬರ್ 5ರಿಂದ ಫೆಬ್ರವರಿ 4ರ 62 ದಿನದಲ್ಲಿ ಹೊರಡೋ ಮುಂಚೆ 7 ದಿನ, ಬಂದ ಮೇಲೆ 16 ದಿನ, ಹೀಗೆ 23 ದಿನ ಜಿಮ್‌ಗೆ ಹೋಗಬಹುದು. ಫ್ರೀಜ್ ಅವಧಿಯಲ್ಲಿ ಗೇಟಿನ ಕ್ಯೂಆರ್ ಕೋಡೇ ಕೆಲಸ ಮಾಡಲ್ಲ, ಆ 23 ದಿನವೂ ಹೋಯ್ತು.

ಉಪ್ಪಿಟ್ಟುವಿರೋಧಿ
ಇಷ್ಟೆಲ್ಲ ಯಾಕೆ? ಊರಿಗೆ ಹೋಗೋ ಮುಂಚೆ ಬ್ಯಾಂಕ್ ಆ್ಯಪ್‌ಗೆ ಹೋಗಿ ಖಾತೆಯಿಂದ ಕಂತು ಕಟ್ ಮಾಡೋಕೆ ಜಿಮ್‌ಗೆ ಕೊಟ್ಟ ಆ ಸೆಪಾ ಮ್ಯಾಂಡೇಟ್ ಬ್ಲಾಕ್ ಮಾಡಿ. ಕಟ್ ಆದ್ರೂ 8 ವಾರದೊಳಗೆ ಕಾರಣ ಹೇಳದೆ ವಾಪಸ್ ತಗೋಬಹುದು, ಯುರೋಪಿನ ನಿಯಮ. ಜಿಮ್ ಏನೂ ಮಾಡೋಕಾಗಲ್ಲ.

ಕಾಗದಪತ್ರ
@ಉಪ್ಪಿಟ್ಟುವಿರೋಧಿ ಮೊದಲರ್ಧ ಸರಿ. 8 ವಾರದ ಹಕ್ಕು ಇದೆ, ನೀವು ಒಪ್ಪಿಗೆಯನ್ನೇ ಕೊಡದ ಕಂತಾದ್ರೆ 13 ತಿಂಗಳವರೆಗೂ ಇದೆ. ಆದ್ರೆ ಅದು ನಿಮ್ಮ ಮತ್ತು ಬ್ಯಾಂಕಿನ ನಡುವಿನ ವಿಷಯ. ಜಿಮ್ ಜೊತೆಗಿನ ಕರಾರು ಅಲ್ಲೇ ಇರುತ್ತೆ, ಬಾಕಿಯೂ ಅಲ್ಲೇ ಇರುತ್ತೆ. ಆಗೋದು ಇಷ್ಟು: ಕಂತು ವಾಪಸಾದ ಕೂಡಲೇ ಆ್ಯಪ್ ನಿಮ್ಮ ಪ್ರವೇಶ ನಿಲ್ಲಿಸುತ್ತೆ, ವಾಪಸಾತಿ ಶುಲ್ಕ ಸೇರಿಸುತ್ತೆ, ಒಂದೆರಡು ನೆನಪೋಲೆ ಆದ ಮೇಲೆ ಕಡತ ವಸೂಲಿ ಕಂಪನಿಗೆ ಹೋಗುತ್ತೆ. ಕೆಲವು CGVಗಳಲ್ಲಿ ಬಾಕಿ ಉಳಿದ್ರೆ ಮಿಕ್ಕ ಎಲ್ಲ ಕಂತೂ ಒಟ್ಟಿಗೇ ಕೊಡಬೇಕು ಅನ್ನೋ ಕಲಮೂ ಇದೆ.

ತಪ್ಪಾಗಿ ಕಟ್ ಆದ ಹಣಕ್ಕೆ ಈ ದಾರಿ ಇಟ್ಕೊಳ್ಳಿ. ಉದಾಹರಣೆಗೆ ಫ್ರೀಜ್ ಒಪ್ಪಿದೀವಿ ಅಂತ ಮೇಲ್ ಬಂದಿದ್ದೂ 39 ಕಟ್ ಆದ್ರೆ. ಆಗಲೂ ಮೊದಲು ಜಿಮ್‌ಗೆ ಬರೆದು ಆಮೇಲೆ ಬ್ಯಾಂಕ್.

ಉಪ್ಪಿಟ್ಟುವಿರೋಧಿ
ವಸೂಲಿ ಕಂಪನಿ ಕಾಗದಕ್ಕೆಲ್ಲ ಹೆದರಬಾರ್ದು. ಕೋರ್ಟ್ ಆದೇಶ ಇಲ್ಲದೆ ಏನನ್ನೂ ಜಪ್ತಿ ಮಾಡೋ ಹಾಗಿಲ್ಲ.

ಕಾಗದಪತ್ರ
ಅದು ನಿಜ. ಬಾಕಿ ಇರೋದೂ ನಿಜ.

ಹುಬ್ಬಳ್ಳಿಮಂದಿ
ಕಾಗದಪತ್ರ ಅವರ ಲೆಕ್ಕಾ ಬರೋಬ್ಬರಿ ಐತಿ, ಆದ್ರ ಒಂದು ಮಾತು ಬಿಟ್ಟಾರ. ಪಾಸು ಎಂಥಾದ್ದು ಅಂತ ಕೇಳ್ರಿ ಮೊದಲ. ಒಂದ ಶಾಖೆದ್ದೋ, ಎಲ್ಲಾ ಶಾಖೆದ್ದೋ? ಎಲ್ಲಾ ಶಾಖೆದ್ದಿದ್ರ ಮತ್ತ ನಾಂತ್‌ದಾಗ ಅವರದ ಶಾಖೆ ಇದ್ರ, ಆ ಎರಡು ತಿಂಗಳು ಅಲ್ಲೇ ಉಪಯೋಗ ಆಗ್ತಾವಲ್ರೀ. ಹತ್ತು ಯೂರೊಕ್ಕ ಎರಡು ತಿಂಗಳು ಸಿಕ್ಕಂಗ.

ಕಾಗದಪತ್ರ
@ಹುಬ್ಬಳ್ಳಿಮಂದಿ ಒಪ್ಪಿದೆ ರೀ, ಅದು ಬಹಳ ಮುಖ್ಯ. ಅದರ ಇನ್ನೊಂದು ಮುಖವೂ ಹೇಳ್ತೀನಿ. ಊರು ಬದಲಾಯಿಸಿದ್ರೆ ಆಂಗಾಜ್ಮಾಂ ಮುರಿಯೋಕೆ ಬಹಳ ಜಿಮ್‌ಗಳು ಅವಕಾಶ ಕೊಡ್ತವೆ, ಆದ್ರೆ ಹೊಸ ಮನೆಯಿಂದ ಇಂತಿಷ್ಟು ಕಿಲೋಮೀಟರ್ ಒಳಗೆ ತಮ್ಮ ಶಾಖೆ ಇರಬಾರದು ಅಂತ ಷರತ್ತು ಹಾಕಿರ್ತವೆ. ನಾಂತ್‌ನಲ್ಲಿ ಶಾಖೆ ಇದ್ರೆ ಆ ಬಾಗಿಲು ಮುಚ್ಚಿದ ಹಾಗೆ. ಇಲ್ಲದಿದ್ರೆ ಹೊಸ ಬಾಡಿಗೆ ಕರಾರೋ ಕರೆಂಟ್ ಬಿಲ್ಲೋ ಲಗತ್ತಿಸಿ ಬಿಡಿಸ್ಕೋಬಹುದು.

ಸೀಮಂತದಸೀರೆ
ನಮ್ಮದು ಬೇರೆ ಕೇಸು, ಇಲ್ಲೇ ಕೇಳಿಬಿಡ್ತೀನಿ. ನಾನು ಈಗ ಐದು ತಿಂಗಳ ಗರ್ಭಿಣಿ. ವರ್ಷಕ್ಕೆ 2 ತಿಂಗಳು ಮಾತ್ರ ಫ್ರೀಜ್ ಅಂದ್ರೆ ನನಗೆ ಏನೂ ಸಾಲಲ್ಲ. ಜಿಮ್‌ನವರು ಡಾಕ್ಟರ್ ಪತ್ರದಲ್ಲಿ ಪೂರ್ತಿ ವಿವರ ಬರೆಸ್ಕೊಂಡು ಬನ್ನಿ ಅಂತಿದಾರೆ. ಕೊಡಬೇಕಾ?

ಕಾಗದಪತ್ರ
@ಸೀಮಂತದಸೀರೆ ಪೂರ್ತಿ ವಿವರ ಕೊಡಬೇಡಿ ಮೇಡಂ. "ಇಂಥ ದಿನದಿಂದ ಇಂಥ ದಿನದವರೆಗೆ ಕ್ರೀಡಾಭ್ಯಾಸ ಸೂಕ್ತವಲ್ಲ" ಅನ್ನೋ ಒಂದು ಸಾಲು, ತಾರೀಖು, ಡಾಕ್ಟರ ಸಹಿ, ಇಷ್ಟು ಸಾಕು. ಕಾರಣ ಏನು, ಯಾವ ಕಾಯಿಲೆ ಅನ್ನೋದು ಆರೋಗ್ಯದ ಮಾಹಿತಿ, ಫ್ರೀಜ್ ಮಾಡೋಕೆ ಜಿಮ್‌ಗೆ ಅದರ ಅಗತ್ಯವೇ ಇಲ್ಲ. ಪತ್ರ ಇವತ್ತೇ ಕಳಿಸಿ. ಬಹಳ ಕಡೆ ಪತ್ರ ತಲುಪಿದ ದಿನದಿಂದ ಮಾತ್ರ ಲೆಕ್ಕ, ಹಿಂದಿನ ತಿಂಗಳಿಗೆ ಅನ್ವಯಿಸಲ್ಲ.

ಮತ್ತೆ ವೈದ್ಯಕೀಯ ಫ್ರೀಜ್ ಸಾಮಾನ್ಯವಾಗಿ ಬೇರೆ ಕಲಮು, 2 ತಿಂಗಳ ಮಿತಿ ಅದಕ್ಕೆ ಇರದೇ ಇರಬಹುದು. ಆ್ಯಪ್ ಬಟನ್ ಒತ್ತಿದ್ರೆ ಸಾಧಾರಣ ಫ್ರೀಜ್ ಆಗಿ ನಿಮ್ಮ ಮಿತಿ ಖರ್ಚಾಗುತ್ತೆ. ಆದ್ದರಿಂದ ಬಟನ್ ಮುಟ್ಟಬೇಡಿ, ಪತ್ರ ಲಗತ್ತಿಸಿ ಮೆಸೇಜ್ ಮಾಡಿ. ಗರ್ಭಿಣಿಯರಿಗೆ ಕರಾರು ಪೂರ್ತಿ ಮುರಿಯೋ ಅವಕಾಶವೂ CGVಯಲ್ಲಿರೋ "ನ್ಯಾಯವಾದ ಕಾರಣ"ಗಳ ಪಟ್ಟಿಯಲ್ಲಿ ಇದೆಯಾ ನೋಡಿ.

ಉಪ್ಪಿಟ್ಟುವಿರೋಧಿ
ಪಟ್ಟಿ ಯಾಕೆ ನೋಡ್ಬೇಕು? ಆರೋಗ್ಯ ಸರಿ ಇಲ್ಲದಿದ್ರೆ ಅದು ಫೋರ್ಸ್ ಮಜೂರ್, ಅಂದ್ರೆ ನಮ್ಮ ಕೈಮೀರಿದ ಕಾರಣ, ಕಾನೂನೇ ಬಿಡಿಸುತ್ತೆ.

ಕಾಗದಪತ್ರ
ಬಹಳ ಜನ ಹಾಗೇ ಅಂದ್ಕೊಂಡಿದಾರೆ. ನವೆಂಬರ್ 25, 2020ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕೂರ್ ದ ಕಸಾಸಿಯೋಂ ಕೊಟ್ಟ ತೀರ್ಪು ಉಲ್ಟಾ ಇದೆ. ಬಿಸಿನೀರಿನ ಬುಗ್ಗೆ ಚಿಕಿತ್ಸೆಗೆ ಅಂತ ದಂಪತಿ ವಸತಿ ಕಾದಿರಿಸಿದ್ರು, ನಡುವೆ ಗಂಡ ಆಸ್ಪತ್ರೆ ಸೇರಿದ್ರು, ಹಣ ವಾಪಸ್ ಕೇಳಿದ್ರು. ಕೋರ್ಟ್ ಹೇಳಿದ್ದು: ಸೇವೆ ಕೊಡೋನು ಕೊಡೋಕೆ ತಯಾರಿದ್ದಾಗ, ಅದನ್ನ ಅನುಭವಿಸೋಕೆ ಆಗದ ಗ್ರಾಹಕ ಫೋರ್ಸ್ ಮಜೂರ್ ಹೆಸರಲ್ಲಿ ಕರಾರು ಮುರಿಯೋಕೆ ಬರಲ್ಲ. ಜಿಮ್ ವಿಷಯವೂ ಅದೇ ಜಾಡು. ಬಾಗಿಲು ತೆರೆದಿದೆ, ನಿಮಗೆ ಹೋಗೋಕಾಗ್ತಿಲ್ಲ. ಹಾಗಾಗಿ ನಿಮ್ಮನ್ನ ಕಾಪಾಡೋದು CGVಯಲ್ಲಿರೋ ಆ ಪಟ್ಟಿಯೇ.

ಫ್ರೀಜ್ ಕೂಡ ಹಾಗೇ. ಫ್ರೀಜ್ ಕೊಡಲೇಬೇಕು ಅನ್ನೋ ಕಾನೂನು ಇಲ್ಲ. ಜಿಮ್ ಬರೆದುಕೊಟ್ಟಷ್ಟೇ ನಿಮ್ಮ ಹಕ್ಕು.

ಸೀಮಂತದಸೀರೆ
ಥ್ಯಾಂಕ್ಸ್, ಪಟ್ಟಿಯಲ್ಲಿ ಗರ್ಭಧಾರಣೆ ಇದೆ. 'ಮೂರನೇ ತಿಂಗಳ ನಂತರ' ಅಂತ ಬರೆದಿದೆ.

ಯುಟಿಸಿ
ವೇಟಿಂಗ್ ಲಿಸ್ಟ್ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳ್ತೀನಿ. ಇಂಥ ಬುಕಿಂಗ್ ವ್ಯವಸ್ಥೆ ಮಾಡೋ ಕೆಲಸದಲ್ಲಿ ಇದ್ದೀನಿ, ನಿಮ್ಮ ಜಿಮ್ಮಿನದ್ದಲ್ಲ.

ಇಲ್ಲಿ ಮೂರು ಬೇರೆ ಬೇರೆ ಗಡಿಯಾರ ಓಡ್ತವೆ. ಬುಕಿಂಗ್ ಯಾವಾಗ ತೆರೆಯುತ್ತೆ ಅನ್ನೋದು ಒಂದು, ಉದಾಹರಣೆಗೆ 7 ದಿನ ಮುಂಚೆ. ದಂಡ ಇಲ್ಲದೆ ರದ್ದು ಮಾಡೋ ಗಡುವು ಇನ್ನೊಂದು, ನಿಮ್ಮಲ್ಲಿ 12 ಗಂಟೆ. ವೇಟಿಂಗ್ ಲಿಸ್ಟ್‌ನಿಂದ ತಾನಾಗೇ ಸೀಟು ಕೊಡೋದು ಎಷ್ಟು ಹೊತ್ತಿನವರೆಗೆ ಅನ್ನೋದು ಮೂರನೆಯದು. ಎರಡನೆಯದಕ್ಕೂ ಮೂರನೆಯದಕ್ಕೂ ವ್ಯವಸ್ಥೆಯಲ್ಲಿ ಸಂಬಂಧವೇ ಇರಲ್ಲ, ಜಿಮ್‌ನವರು ಬೇರೆ ಬೇರೆ ಸೆಟ್ಟಿಂಗ್‌ನಲ್ಲಿ ತುಂಬ್ತಾರೆ. ನಿಮ್ಮಲ್ಲಿ ಸೀಟು ಕೊಡೋದು ಕ್ಲಾಸಿಗೆ 2 ಗಂಟೆ ಮುಂಚಿನವರೆಗೆ ಅಂತ ಇಟ್ಟಿರಬೇಕು. ನಾಲ್ಕೂವರೆಗೆ ಸೀಟು ಸಿಕ್ಕಿದ್ದು ಅದಕ್ಕೇ. ಆ ಹೊತ್ತಿಗೆ 12 ಗಂಟೆ ಗಡುವು ಹಿಂದಿನ ಸಂಜೆ 7ಕ್ಕೇ ಮುಗಿದಿರುತ್ತೆ. ಸೀಟು ಹುಟ್ಟುವಾಗಲೇ ರದ್ದು ಮಾಡಲಾಗದ ಸೀಟು.

ಒಳ್ಳೇ ಆ್ಯಪ್ ಆದ್ರೆ ಗಡುವು ಮುಗಿದ ಮೇಲೆ ಬಂದ ಸೀಟಿಗೆ "ಬರ್ತೀರಾ?" ಅಂತ ಕೇಳಿ ಒಪ್ಪಿದ್ರೆ ಮಾತ್ರ ಕೊಡುತ್ತೆ. ಅಥವಾ ಸೀಟು ಸಿಕ್ಕ ಮೇಲೆ ಅರ್ಧ ಗಂಟೆ ಬಿಡುವು ಕೊಡುತ್ತೆ. ನಿಮ್ಮದು ಹಾಗಿಲ್ಲ. ಹಾಗಾಗಿ ಪ್ರತಿ ಸಂಜೆ 7ಕ್ಕೆ ಮುಂಚೆ ಒಂದು ನಿರ್ಧಾರ ಮಾಡಿ: ನಾಳೆ ಹೋಗಲ್ಲ ಅಂದ್ರೆ "Liste d'attente" ತೆರೆದು ಹೊರಗೆ ಬನ್ನಿ. ವೇಟಿಂಗ್ ಲಿಸ್ಟ್ ಬಿಡೋದಕ್ಕೆ ದಂಡ ಇರಲ್ಲ.

ಹುಬ್ಬಳ್ಳಿಮಂದಿ
ನೋಟಿಫಿಕೇಶನ್ ಹಚ್ಚಿಟ್ರ ಸಾಕಾಗಂಗಿಲ್ಲೇನು?

ಯುಟಿಸಿ
ಬೆಳಗಿನ ಜಾವ ನೋಟಿಫಿಕೇಶನ್ ಬಂದು ಏನು ಪ್ರಯೋಜನ? ಅಷ್ಟೊತ್ತಿಗೆ ದಂಡದ ಗೆರೆ ದಾಟಿ ಆಗಿದೆ. ಎದ್ದು ಹೋಗೋದೊಂದೇ ದಾರಿ.

ಉಪ್ಪಿಟ್ಟುವಿರೋಧಿ
ಆನ್‌ಲೈನ್ ಬುಕಿಂಗ್‌ಗೆಲ್ಲ 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯೋ ಹಕ್ಕು ಇದೆ. ಕ್ಲಾಸ್ ಬುಕಿಂಗೂ ಆನ್‌ಲೈನೇ. ದಂಡ ಹಾಕೋದೇ ಕಾನೂನುಬಾಹಿರ.

ಕಾಗದಪತ್ರ
14 ದಿನ ಮೆಂಬರ್‌ಶಿಪ್‌ಗೆ ಇದೆ, ಆ್ಯಪ್‌ನಲ್ಲೇ ಕೊಂಡಿದ್ರೆ. ಆ 14 ದಿನದಲ್ಲಿ ಜಿಮ್ ಶುರು ಮಾಡಿ ಅಂತ ನೀವೇ ಕೇಳ್ಕೊಂಡಿದ್ರೆ ಹಿಂದೆ ಸರಿಯೋವರೆಗಿನ ದಿನಗಳ ಹಣ ಕೊಡಬೇಕು. ಆದ್ರೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ನಡೆಯೋ ವಿರಾಮ ಚಟುವಟಿಕೆಗೆ ಅಲ್ಲಿನ ಗ್ರಾಹಕ ಕಾನೂನು ಸಂಹಿತೆಯೇ ಆ ಹಕ್ಕಿನಿಂದ ವಿನಾಯಿತಿ ಕೊಟ್ಟಿದೆ. ಗುರುವಾರ 7ರ ಯೋಗ ಕ್ಲಾಸ್ ಅದರಲ್ಲೇ ಬರುತ್ತೆ.

ದಂಡಕ್ಕೆ ಬೇರೆ ವಾದ ಇದೆ. ಷರತ್ತು ಅಸ್ಪಷ್ಟವಾಗಿದ್ರೆ ಗ್ರಾಹಕನ ಪರವಾಗಿ ಅರ್ಥ ಮಾಡಬೇಕು ಅಂತ ಅದೇ ಸಂಹಿತೆ ಹೇಳುತ್ತೆ. ನಿಮ್ಮ CGVಯಲ್ಲಿ "ಗ್ರಾಹಕ ಕಾದಿರಿಸಿದ ಕ್ಲಾಸ್" ಅಂತ ಇದ್ದು, ವೇಟಿಂಗ್ ಲಿಸ್ಟ್‌ನಿಂದ ತಾನಾಗೇ ಬಂದ ಸೀಟಿನ ಮಾತೇ ಇಲ್ಲದಿದ್ರೆ, ಆ ದಂಡ ನಿಮಗೆ ಅನ್ವಯಿಸಲ್ಲ ಅಂತ ಬರೆಯಬಹುದು. ಗಡುವು ಮುಗಿದ ಸಮಯ, ಸೀಟು ಖಚಿತವಾದ ಸಮಯ, ಎರಡೂ ಇರೋ ಸ್ಕ್ರೀನ್‌ಶಾಟ್ ಹಾಕಿ. ಕೊನೇಲಿ "ಜೆಸ್ತ್ ಕಮರ್ಸಿಯಾಲ್" ಅಂತ ಕೇಳಿ. ಸೌಜನ್ಯಕ್ಕೆ ಬಿಟ್ಟುಕೊಡೋದಕ್ಕೆ ಅಲ್ಲಿ ಬಳಸೋ ಮಾತು ಅದು, 8 ಯೂರೊಗೆ ಬಹಳ ಸಲ ಕೆಲಸ ಮಾಡುತ್ತೆ. ಒಪ್ಪದಿದ್ರೆ CGVಯಲ್ಲಿ ಹೆಸರಿರೋ ಗ್ರಾಹಕ ಮಧ್ಯಸ್ಥರಿಗೆ ಬರೀಬಹುದು, ಗ್ರಾಹಕರಿಗೆ ಉಚಿತ. ಜಿಮ್‌ಗೆ ಲಿಖಿತ ದೂರು ಕೊಟ್ಟಿರಬೇಕು ಮೊದಲು, ಅದಾದ ಒಂದು ವರ್ಷದೊಳಗೆ ಹೋಗಬೇಕು.

ಯುಟಿಸಿ
ಈ ವಾದ ನಿಲ್ಲುತ್ತೆ ಅಂತ ನನಗೆ ಅನ್ಸಲ್ಲ. ವೇಟಿಂಗ್ ಲಿಸ್ಟ್ ಬಟನ್ ಒತ್ತುವಾಗ ಬರೋ ಪುಟಾಣಿ ಕಿಟಕಿಯಲ್ಲಿ "ಸೀಟು ಖಾಲಿಯಾದರೆ ತಾನಾಗಿ ಕಾದಿರಿಸಲಾಗುವುದು" ಅಂತ ಬರೆದಿರ್ತಾರೆ. ಯಾರೂ ಓದಲ್ಲ, ಆದ್ರೆ ಬರೆದಿರ್ತಾರೆ.

ಕಾಗದಪತ್ರ
ತಾನಾಗಿ ಕಾದಿರಿಸ್ತೀವಿ ಅನ್ನೋದು ಬೇರೆ. ರದ್ದು ಮಾಡೋ ಸಮಯವೇ ಕೊಡದೆ ದಂಡ ಹಾಕ್ತೀವಿ ಅನ್ನೋದು ಬೇರೆ. ಎರಡನೆಯದು ಆ ಕಿಟಕಿಯಲ್ಲಿ ಇದೆಯಾ?

ಯುಟಿಸಿ
ರೋನ್‌ದಂಡೆ ನೋಡಿ ಹೇಳ್ಬೇಕು.

ಟೆತ್‌ದೋರ್
8 ಯೂರೊ, 12 ಗಂಟೆ, ವೇಟಿಂಗ್ ಲಿಸ್ಟ್... ಲಿಯಾನ್‌ನ ಪಾರ್ಕ್ ದ ಲಾ ಟೆತ್ ದೋರ್‌ನಲ್ಲಿ ಓಡೋಕೆ ಬುಕಿಂಗ್ ಬೇಡ ಸ್ವಾಮಿ.

ಹುಬ್ಬಳ್ಳಿಮಂದಿ
ಜನವರಿ ಥಂಡ್ಯಾಗ ಓಡ್ರಿ ನೋಡೂಣು.

ಯುಟಿಸಿ
ಇನ್ನೊಂದು, ಊರಿಗೆ ಹೋಗೋರಿಗೆ. ಫ್ರೀಜ್ ಮಾಡಿದ್ರೆ ಹಳೇ ಬುಕಿಂಗ್ ತಾನಾಗೇ ಅಳಿಸಿಹೋಗುತ್ತೆ ಅಂತ ನಂಬಬೇಡಿ. ಫ್ರೀಜ್ ಅನ್ನೋದು ಬಿಲ್ಲಿಂಗ್ ಕಡೆಯ ಕೆಲಸ, ಬುಕಿಂಗ್ ಬೇರೆ ಕಡೆ ಇರುತ್ತೆ. ಕ್ರಮ ಹೀಗಿರಲಿ: ಮೊದಲು ಪ್ರತಿ ವಾರ ಮರುಕಳಿಸೋ ಬುಕಿಂಗ್ ಇದ್ರೆ ಅದನ್ನ ತೆಗೀರಿ, ಆಮೇಲೆ ಬಿಡಿ ಬುಕಿಂಗ್‌ಗಳು, ಆಮೇಲೆ ವೇಟಿಂಗ್ ಲಿಸ್ಟ್, ಕೊನೆಗೆ ಫ್ರೀಜ್. ತಿರುವುಮುರುವು ಮಾಡಿದ್ರೆ ಕೆಲವು ಆ್ಯಪ್‌ಗಳಲ್ಲಿ ಫ್ರೀಜ್ ಆದ ಖಾತೆಗೆ ಬುಕಿಂಗ್ ಪುಟವೇ ತೆರೆಯಲ್ಲ. ಬುಕಿಂಗ್ ಇದೆ, ರದ್ದು ಮಾಡೋ ಬಟನ್ ಇಲ್ಲ, ಗೇಟು ಒಳಗೆ ಬಿಡಲ್ಲ, ಗೈರುಹಾಜರಿ ದಂಡ ಮಾತ್ರ ಬೀಳುತ್ತೆ.

ಊರಲ್ಲಿ ಕೂತು ರದ್ದು ಮಾಡೋದಾದ್ರೆ ಗಂಟೆ ನೋಡ್ಕೊಳ್ಳಿ. ಚಳಿಗಾಲದಲ್ಲಿ ಭಾರತ ಪ್ಯಾರಿಸ್‌ಗಿಂತ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ಸಂಜೆ 7ರ ಗಡುವು ಡಿಸೆಂಬರ್‌ನಲ್ಲಿ ಮೈಸೂರಿಗೆ ರಾತ್ರಿ 11:30. ಕೆಲವು ಆ್ಯಪ್‌ಗಳು ಕ್ಲಾಸಿನ ಹೊತ್ತನ್ನ ಫೋನಿನ ಸಮಯಕ್ಕೆ ಬದಲಿಸಿ ತೋರಿಸ್ತವೆ, ಕೆಲವು ಬದಲಿಸಲ್ಲ. ಯಾವಾಗಲೂ 7ಕ್ಕೆ ಇರೋ ಕ್ಲಾಸು 11:30 ಅಂತ ಕಂಡ್ರೆ ನಿಮ್ಮದು ಮೊದಲನೇ ಜಾತಿ, ಗಡುವೂ ಅದೇ ಲೆಕ್ಕ.

ಮಾರ್ಚ್‌ನದ್ದು ಇನ್ನೂ ತಮಾಷೆ. 2026ರ ಮಾರ್ಚ್ 29ರ ಭಾನುವಾರ ಮುಂಜಾನೆ ಫ್ರಾನ್ಸ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತೆ. ಆ ಭಾನುವಾರ 10ರ ಕ್ಲಾಸಿಗೆ 12 ಗಂಟೆ ಗಡುವು ಶನಿವಾರ ರಾತ್ರಿ 10ಕ್ಕೆ ಅಂತ ಅಂದ್ಕೋತೀರಿ. ನಿಜವಾಗಿ 9ಕ್ಕೇ ಮುಗೀತು, ನಡುವೆ ಒಂದು ಗಂಟೆ ಇಲ್ಲವಾಗಿದೆಯಲ್ಲ. ಸರ್ವರ್ ಗಂಟೆ ಎಣಿಸುತ್ತೆ, ಗೋಡೆ ಗಡಿಯಾರ ನೋಡಲ್ಲ.

ರೋನ್‌ದಂಡೆ
ಅಬ್ಬಾ. ಪಾಸು ನೋಡಿದೆ, ಒಂದೇ ಶಾಖೆಯದ್ದು. ನಾಂತ್‌ನಲ್ಲಿ ಇವರ ಶಾಖೆ ಇದೆ, ಆದ್ರೆ ನನ್ನ ಪಾಸು ಅಲ್ಲಿ ನಡೆಯಲ್ಲ. ಹಾಗಾಗಿ ಫ್ರೀಜ್ ಬೇಡ ಅಂತ ತೀರ್ಮಾನ. ಕಾಗದಪತ್ರ ಸರ್, ಸೆಪ್ಟೆಂಬರ್ 4ಕ್ಕೆ ತಾನಾಗೇ ನಿಂತುಹೋಗುತ್ತಾ?

ಕಾಗದಪತ್ರ
ನಿಲ್ಲಲ್ಲ. ಹೀಗೆ 12 ತಿಂಗಳ ಕರಾರು ಸಾಮಾನ್ಯವಾಗಿ ಮುಗಿದ ಮೇಲೆ ತಿಂಗಳ ಲೆಕ್ಕದಲ್ಲಿ ಮುಂದುವರೀತಾ ಹೋಗುತ್ತೆ, ಬಿಡೋಕೆ ಒಂದು ತಿಂಗಳ ಮುನ್ಸೂಚನೆ ಬೇಕು ಅಂತಿರುತ್ತೆ. ನಿಮ್ಮದರಲ್ಲೂ ಹಾಗಿದ್ರೆ ಆಗಸ್ಟ್ 4ರ ಒಳಗೆ ಕೊಡಿ, ಜುಲೈನಲ್ಲೇ ಕೊಟ್ರೆ ಇನ್ನೂ ಒಳ್ಳೇದು.

2023ರ ಜೂನ್ 1ರಿಂದ ಆನ್‌ಲೈನ್‌ನಲ್ಲಿ ಸೇರಿಸ್ಕೊಳ್ಳೋ ಯಾವುದೇ ಜಿಮ್ ಆನ್‌ಲೈನ್‌ನಲ್ಲೇ ಬಿಡೋ ದಾರಿಯನ್ನೂ ಇಡಬೇಕು. ಆ್ಯಪ್‌ನಲ್ಲಿ "Résilier votre contrat", ಅಂದ್ರೆ ನಿಮ್ಮ ಕರಾರು ರದ್ದು ಮಾಡಿ, ಅಥವಾ ಅದೇ ಅರ್ಥದ ಬಟನ್ ಹುಡುಕಿ. ಹೆಸರು, ಕರಾರಿನ ಸಂಖ್ಯೆ ತುಂಬಿ, ಸಾರಾಂಶದ ಪುಟ ನೋಡಿ, ಕೊನೇ ಬಟನ್ ಒತ್ತಿ. ಸಾರಾಂಶದ ಪುಟದಲ್ಲೇ ನಿಲ್ಲಿಸಿಬಿಡೋರು ಬಹಳ ಜನ, ಅಲ್ಲಿಗೆ ಅರ್ಜಿ ಹೋಗಿರಲ್ಲ. ಕರಾರು ಯಾವತ್ತು ಮುಗಿಯುತ್ತೆ ಅಂತ ತಿಳಿಸೋ ದೃಢೀಕರಣ ಅವರಿಂದ ಬರಬೇಕು. ಅದರಲ್ಲಿ ಸೆಪ್ಟೆಂಬರ್ 4 ಅಲ್ಲದೆ ಬೇರೆ ತಾರೀಖು ಇದ್ರೆ ಅವತ್ತೇ ಬರೆಯಿರಿ. ಆ ಬಟನ್ ಇದೆ ಅಂದ ಮಾತ್ರಕ್ಕೆ ಆಂಗಾಜ್ಮಾಂ ಮುರಿಯಲ್ಲ, ಅದು ನೆನಪಿರಲಿ. ಬಿಡೋ ವಿಧಾನ ಸುಲಭ ಆಗಿದೆ, ಬಾಕಿ ತಿಂಗಳು ಮಾಫಿ ಆಗಿಲ್ಲ.

ಉಪ್ಪಿಟ್ಟುವಿರೋಧಿ
ನಾನಾಗಿದ್ರೆ ಒಂದು ತಿಂಗಳಾದ್ರೂ ಫ್ರೀಜ್ ಮಾಡ್ತಿದ್ದೆ. ಜನವರಿಯ 39 ಈಗ ಕೈಲಿರುತ್ತೆ, ಸೆಪ್ಟೆಂಬರ್‌ದು ಆಗ ನೋಡ್ಕೊಂಡ್ರಾಯ್ತು.

ರೋನ್‌ದಂಡೆ
@ಯುಟಿಸಿ @ಕಾಗದಪತ್ರ ಆ ಪುಟಾಣಿ ಕಿಟಕಿ ಈಗ ತೆರೆದು ನೋಡಿದೆ. "ಸೀಟು ಖಾಲಿಯಾದರೆ ತಾನಾಗಿ ಕಾದಿರಿಸಲಾಗುವುದು, ರದ್ದತಿ ಷರತ್ತುಗಳು ಅನ್ವಯಿಸುತ್ತವೆ" ಅಂತಿದೆ. ಈಗ ಯಾರು ಗೆದ್ದಿರಿ?

ಯುಟಿಸಿ
ನಾನು.

ಕಾಗದಪತ್ರ
ಯಾವ ಷರತ್ತು ಅಂತ ಹೇಳಿಲ್ಲವಲ್ಲ. ಮೆಸೇಜ್ ಕಳಿಸಿ, 8 ಯೂರೊ ಕೇಳಿ. ಉತ್ತರ ಬಂದ ಮೇಲೆ ಇಲ್ಲೇ ಹಾಕಿ.

ಹುಬ್ಬಳ್ಳಿಮಂದಿ
ನಮ್ಮ ಜಿಮ್‌ನ್ಯಾಗ ತಿಂಗಳಲ್ಲರೀ, 4 ವಾರಕ್ಕೊಮ್ಮೆ ಕಟ್ ಆಗ್ತೈತಿ. ವರ್ಷಕ್ಕ 13 ಕಂತು. ಅದರಾಗ ಒಂದು ತಿಂಗಳು ಫ್ರೀಜ್ ಅಂದ್ರ 4 ವಾರನೋ, 30 ದಿನಾನೋ? ಯಾರಿಗರೆ ಗೊತ್ತದೇನು?